ಕಳೆದುಹೋಯಿತೋ, ಕಳವಾಯಿತೋ? ಬಸ್ ಪ್ರಯಾಣದಲ್ಲಿ ಬಂಗಾರ ಕಾಣೆಯಾದಾಗ ಮಾಡಬೇಕಾದ ಕೆಲಸಗಳು, ಕ್ರಮವಾಗಿ

ದಾವಣಗೆರೆಯಲ್ಲಿ ವಿಮೆಯ ಕ್ಲೇಮಿಗೆ ಬೇಕಾದ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಡುವುದು ನನ್ನ ಕೆಲಸ. ಒಡವೆ ಕಳೆದುಕೊಂಡು ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಪೊಲೀಸ್ ದೂರಿನಲ್ಲಿ ಒಂದು ಮಾತು, ಬಿಲ್ಲಿನಲ್ಲಿ ಒಂದು ತೂಕ, ಕ್ಲೇಮ್ ಫಾರಂನಲ್ಲಿ ಮತ್ತೊಂದು ವಿವರ ಇರುತ್ತದೆ. ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ನಮ್ಮ ಚಿಕ್ಕಮ್ಮನ ಪ್ರಕರಣದಲ್ಲಿಯೂ ಹೀಗೆಯೇ ಆಗುವುದರಲ್ಲಿತ್ತು. ಆಕೆ ಚಿತ್ರದುರ್ಗದಲ್ಲಿ ಮದುವೆ ಮುಗಿಸಿಕೊಂಡು ಭಾನುವಾರ ಸಂಜೆ ಸರ್ಕಾರಿ ಬಸ್ಸಿನಲ್ಲಿ ದಾವಣಗೆರೆಗೆ ಬಂದರು. ಮನೆಯಲ್ಲಿ ಬ್ಯಾಗ್ ತೆರೆದಾಗ ಸೀರೆಯ ಮಡಿಕೆಯಲ್ಲಿಟ್ಟಿದ್ದ ಒಡವೆಯ ಡಬ್ಬಿ ಇರಲಿಲ್ಲ. ಅದೇ ಪ್ರಕರಣವನ್ನು ಮುಂದಿಟ್ಟುಕೊಂಡು ಯಾವ ಕೆಲಸ ಮೊದಲು, ಯಾವುದು ನಂತರ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

## 1. ಮೊದಲ ಒಂದು ಗಂಟೆ: ಬ್ಯಾಗನ್ನು ಇದ್ದ ಹಾಗೆಯೇ ಇಡಿ

ಗಾಬರಿಯಲ್ಲಿ ಎಲ್ಲರೂ ಬ್ಯಾಗಿನ ಸಾಮಾನನ್ನೆಲ್ಲ ಹಾಸಿಗೆಯ ಮೇಲೆ ಸುರಿಯುತ್ತಾರೆ. ಹುಡುಕುವುದು ತಪ್ಪಲ್ಲ, ಆದರೆ ಹುಡುಕುವ ಮೊದಲು ಬ್ಯಾಗಿನ ನಾಲ್ಕೂ ಬದಿ, ತಳ ಮತ್ತು ಜಿಪ್ಪಿನ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಚಿಕ್ಕಮ್ಮನ ಬ್ಯಾಗಿನ ತಳದಲ್ಲಿ, ಹೊಲಿಗೆಯ ಪಕ್ಕದಲ್ಲಿಯೇ, ಸುಮಾರು ನಾಲ್ಕು ಇಂಚಿನ ನೇರವಾದ ಸೀಳು ಇತ್ತು. ಬಟ್ಟೆ ಹಳೆಯದಾಗಿ ಹರಿದರೆ ಅಂಚಿನಲ್ಲಿ ಎಳೆಗಳು ಜೋಲುತ್ತವೆ. ಇಲ್ಲಿ ಅಂಚು ಕಾಗದ ಕತ್ತರಿಸಿದಷ್ಟು ನಯವಾಗಿತ್ತು, ಅಂದರೆ ಬ್ಲೇಡಿನಿಂದ ಕೊಯ್ದ ಗುರುತು. ಕಳವಾಗಿದೆ ಎಂದು ಹೇಳುವುದಕ್ಕೆ ಆಕೆಯ ಕೈಯಲ್ಲಿದ್ದ ಅತಿ ದೊಡ್ಡ ಸಾಕ್ಷಿ ಆ ಸೀಳೇ ಆಗಿತ್ತು. ಮರುದಿನ ಠಾಣೆಗೆ ಒಯ್ಯುವಾಗ ಸಾಮಾನು ಬೀಳದಿರಲಿ ಎಂದು ಮಗಳು ರಾತ್ರಿಯೇ ಅದನ್ನು ದಾರದಿಂದ ಹೊಲಿದುಬಿಟ್ಟಿದ್ದಳು. ಫೋಟೊ ಇದ್ದುದರಿಂದ ಮುಂದೆ ಉಳಿಗಾಲವಾಯಿತು. ನೀವು ಹೊಲಿಯಬೇಡಿ, ತೊಳೆಯಬೇಡಿ, ಒಂದು ದೊಡ್ಡ ಕವರಿನಲ್ಲಿ ಹಾಕಿ ಎತ್ತಿಡಿ.

ಎರಡನೆಯದು ಟಿಕೆಟ್. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಹಣ ಕೊಟ್ಟಿಲ್ಲವಲ್ಲ ಎಂದು ಬಹಳ ಮಂದಿ ಇಳಿಯುವ ಮೊದಲೇ ಅದನ್ನು ಎಸೆಯುತ್ತಾರೆ. ಎಲ್ಲಿಂದ ಎಲ್ಲಿಗೆ, ಯಾವ ದಿನ, ಎಷ್ಟು ಗಂಟೆಗೆ ಪ್ರಯಾಣಿಸಿದಿರಿ ಎಂಬುದಕ್ಕೆ ಆ ಚೀಟಿಯೇ ದಾಖಲೆ. ಯಾವ ಬಸ್ಸು, ಯಾವ ಕಂಡಕ್ಟರ್ ಎಂದು ಪತ್ತೆ ಹಚ್ಚುವುದಕ್ಕೂ ಪೊಲೀಸರು ಮೊದಲು ಕೇಳುವುದು ಅದನ್ನೇ. ಪರ್ಸಿನ ಮೂಲೆಯಲ್ಲಿ, ನೀರಿನ ಬಾಟಲಿಯ ಚೀಲದಲ್ಲಿ ಒಮ್ಮೆ ನೋಡಿ. ಟಿಕೆಟಿನ ಅಕ್ಷರ ಬೇಗ ಮಾಸುವುದರಿಂದ ಸಿಕ್ಕ ಕೂಡಲೇ ಫೋಟೊ ತೆಗೆದಿಡಿ.

ಆಮೇಲೆ ಬಸ್ ನಿಲ್ದಾಣದ ನಿಯಂತ್ರಣಾಧಿಕಾರಿಯನ್ನು ಕಂಡು, ಡಬ್ಬಿ ಸೀಟಿನ ಕೆಳಗೆ ಬಿದ್ದು ಸಿಬ್ಬಂದಿಯ ಕೈಗೆ ಸಿಕ್ಕಿರಬಹುದೇ ಎಂದು ವಿಚಾರಿಸಿ. ಇದಕ್ಕಾಗಿ ಅರ್ಧ ದಿನ ಕಾಯಬೇಡಿ. ನೀವು ಇನ್ನೂ ಬಸ್ಸಿನಲ್ಲಿರುವಾಗಲೇ ಗೊತ್ತಾದರೆ ಕೆಳಗಿಳಿಯದೆ ಕಂಡಕ್ಟರ್‌ಗೆ ತಿಳಿಸಿ 112ಕ್ಕೆ ಕರೆ ಮಾಡಿ.

## 2. ಯಾವ ಮಾತು ಬಳಸಬೇಕೆಂದು ಠಾಣೆಗೆ ಹೋಗುವ ಮೊದಲು ನಿರ್ಧರಿಸಿ

ಚಿಕ್ಕಮ್ಮ ಠಾಣೆಯಲ್ಲಿ ಮೊದಲು ಆಡಿದ ಮಾತು, "ಸರ್, ಬ್ಯಾಗಿನಾಗಿದ್ದ ಬಂಗಾರ ಕಳೆದುಹೋಗೈತ್ರಿ" ಎಂದು. ನಮ್ಮ ಕಡೆ ಕಳೆದುಹೋಗುವುದಕ್ಕೂ ಕಳುವಾಗುವುದಕ್ಕೂ ಮಾತಿನಲ್ಲಿ ಅಷ್ಟು ಭೇದ ಮಾಡುವುದಿಲ್ಲ. ಕಾಗದದಲ್ಲಿ ಮಾತ್ರ ಅವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. "ಕಳೆದುಹೋಗಿದೆ" ಎಂದು ಬರೆದುಕೊಟ್ಟರೆ ಠಾಣೆಯವರು ಅದನ್ನು ಕಾಣೆಯಾದ ವಸ್ತುವಿನ ಅರ್ಜಿ ಎಂದು ತೆಗೆದುಕೊಂಡು ಒಂದು ಸ್ವೀಕೃತಿ ಕೊಡುತ್ತಾರೆ. ಅದರಲ್ಲಿ ಅಪರಾಧವಿಲ್ಲ, ಹಾಗಾಗಿ ತನಿಖೆಯೂ ಇಲ್ಲ. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮೊಬೈಲಿನಿಂದಲೇ ಪಡೆಯುವ ವರದಿಯೂ ಇದೇ ಬಗೆಯದು. ಅದು ಎಫ್‌ಐಆರ್ ಅಲ್ಲ. "ಯಾರೋ ಬ್ಯಾಗ್ ಕೊಯ್ದು ಕಳವು ಮಾಡಿದ್ದಾರೆ" ಎಂದು ಕಾರಣಸಹಿತ ಬರೆದರೆ ಅದು ಎಫ್‌ಐಆರ್ ದಾಖಲಿಸಬೇಕಾದ ಅಪರಾಧದ ಮಾಹಿತಿಯಾಗುತ್ತದೆ.

ವಿಮೆಯಲ್ಲಿಯೂ ಇದೇ ಭೇದ ಮುಂದುವರಿಯುತ್ತದೆ. ಮನೆ ಕಳವಿನ ವಿಮೆಯಲ್ಲಿ ಸಾಮಾನ್ಯವಾಗಿ ಬೀಗ ಅಥವಾ ಬಾಗಿಲು ಮುರಿದು ಒಳನುಗ್ಗಿದ ಗುರುತು ಇರಬೇಕು. ಒಡವೆಗೆಂದೇ ತೆಗೆದುಕೊಂಡ, "ಆಲ್ ರಿಸ್ಕ್" ಎಂದು ಕರೆಯುವ ರಕ್ಷಣೆಯಲ್ಲಿ ಮನೆಯ ಹೊರಗಿನ ನಷ್ಟಕ್ಕೂ ಅವಕಾಶವಿರುತ್ತದೆ. ಅದರಲ್ಲಿಯೂ ಹೇಗೆ ಹೋಯಿತೆಂದು ಹೇಳಲಾಗದ ನಷ್ಟವನ್ನು ಹೊರಗಿಡುವ ಷರತ್ತು ಅನೇಕ ಪಾಲಿಸಿಗಳಲ್ಲಿದೆ.

ಹಾಗೆಂದು ಸುಮ್ಮನೆ ಕಳವು ಎಂದು ಬರೆಯಬಾರದು. ಪೊಲೀಸರಿಗೆ ಗೊತ್ತಿದ್ದೂ ಸುಳ್ಳು ಮಾಹಿತಿ ಕೊಡುವುದು ಅಪರಾಧ, ಅದು ಹೊರಬಿದ್ದರೆ ಕ್ಲೇಮ್ ಕೂಡ ಪೂರ್ತಿ ಹೋಗುತ್ತದೆ. ಸೀಳು, ತೆರೆದ ಜಿಪ್, ನೂಕುನುಗ್ಗಲು, ಪಕ್ಕದಲ್ಲಿ ಕುಳಿತವರು ನಡುವೆಯೇ ಇಳಿದುಹೋದದ್ದು, ಇಂಥ ಯಾವುದಾದರೂ ಆಧಾರವಿದ್ದರೆ ಕಳವು ಎನ್ನಿ. ಆಧಾರವಿದ್ದೂ ಯಾರೆಂದು ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ಅಪರಿಚಿತರ ವಿರುದ್ಧವೇ ಎಫ್‌ಐಆರ್ ಆಗುತ್ತದೆ. ಸ್ನಾನಕ್ಕೆ ಹೋದಾಗ ಉಂಗುರವನ್ನು ಕಲ್ಲಿನ ಮೇಲಿಟ್ಟು ಮರೆತಿದ್ದರೆ ಅದು ಕಳೆದುಹೋದದ್ದು, ಹಾಗೆಯೇ ಬರೆಯಿರಿ.

## 3. ಒಡವೆಗಳ ಪಟ್ಟಿ: ತೊಲದಲ್ಲಿ ಅಲ್ಲ, ಗ್ರಾಮಿನಲ್ಲಿ

ಠಾಣೆಗೆ ಹೊರಡುವ ಮೊದಲು ಅರ್ಧ ಗಂಟೆ ಕುಳಿತು ಪಟ್ಟಿ ಮಾಡಿ. ಎಲ್ಲಕ್ಕಿಂತ ಹೆಚ್ಚು ತಪ್ಪುಗಳನ್ನು ನಾನು ಕಾಣುವುದು ಇಲ್ಲಿಯೇ. ಚಿಕ್ಕಮ್ಮ ಬಾಯಲ್ಲಿ ಹೇಳಿದ್ದು "ಏಳು ತೊಲ". ಪೇಟೆಯಲ್ಲಿ ಕೆಲವರು ತೊಲವೆಂದರೆ 10 ಗ್ರಾಂ ಎನ್ನುತ್ತಾರೆ, ಹಳೆಯ ಲೆಕ್ಕದಲ್ಲಿ ಅದು ಸುಮಾರು 11.66 ಗ್ರಾಂ. ಒಂದರಂತೆ 70 ಗ್ರಾಂ, ಇನ್ನೊಂದರಂತೆ 81 ಗ್ರಾಮಿಗೂ ಮೇಲೆ. ಬಿಲ್ಲುಗಳನ್ನು ತೆಗೆದು ನೋಡಿದಾಗ ಲಾಂಗ್ ಚೈನ್ 32.400 ಗ್ರಾಂ, ಜೋಡಿ ಬಳೆ 24.150 ಗ್ರಾಂ, ಕಲ್ಲಿನ ಓಲೆಗಳು ಒಟ್ಟು 8.250 ಗ್ರಾಂ ಮತ್ತು ಅದರಲ್ಲಿ ಕಲ್ಲಿನ ತೂಕ ಕಳೆದು ಬಂಗಾರ 7.100 ಗ್ರಾಂ ಇತ್ತು. ಅಂದರೆ ನಿವ್ವಳ ಬಂಗಾರ 63.650 ಗ್ರಾಂ ಮಾತ್ರ. ದೂರಿನಲ್ಲಿ "ಸುಮಾರು 80 ಗ್ರಾಂ" ಎಂದು ನಿಂತಿದ್ದರೆ ಬಾಕಿ ಹದಿನಾರು ಗ್ರಾಂ ಎಲ್ಲಿಂದ ಬಂತೆಂಬ ಪ್ರಶ್ನೆ ಇಡೀ ಕ್ಲೇಮನ್ನು ಅನುಮಾನಕ್ಕೆ ತಳ್ಳುತ್ತಿತ್ತು.

ಪ್ರತಿಯೊಂದು ಒಡವೆಗೂ ಹೆಸರು, ಒಟ್ಟು ತೂಕ, ನಿವ್ವಳ ತೂಕ, ಎಷ್ಟು ಕ್ಯಾರೆಟ್, ಕೊಂಡ ಅಂಗಡಿ ಮತ್ತು ದಿನಾಂಕ, ಹಾಗೂ ಅದರ ಗುರುತು ಬರೆಯಿರಿ. ಗುರುತು ಎಂದರೆ ಅಂಗಡಿಯ ವಿನ್ಯಾಸವಲ್ಲ. ನಿಮ್ಮ ಒಡವೆಗೆ ಮಾತ್ರ ಇರುವ ಚಿಹ್ನೆ. ಆ ಚೈನಿನ ಕೊಂಡಿ ಒಮ್ಮೆ ಕಿತ್ತು ಅಕ್ಕಸಾಲಿಗರು ಬೆಸುಗೆ ಹಾಕಿದ್ದರು, ಆ ಬೆಸುಗೆಯ ಜಾಗದಲ್ಲಿ ಬಣ್ಣ ತುಸು ಕೆಂಪಾಗಿತ್ತು. ಒಂದು ಬಳೆ ಒಳಬದಿಯಲ್ಲಿ ನೆಗ್ಗಿತ್ತು. ಮುಂದೆ ಪೊಲೀಸರು ಒಡವೆಗಳನ್ನು ಮುಂದಿಟ್ಟು "ಇದರಲ್ಲಿ ನಿಮ್ಮದು ಯಾವುದು?" ಎಂದು ಕೇಳಿದಾಗ ಹೇಳಬೇಕಾದದ್ದು ಇದನ್ನೇ.

2023ರ ಏಪ್ರಿಲ್ 1ರ ನಂತರ ಅಂಗಡಿಯಲ್ಲಿ ಕೊಂಡ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ ಮತ್ತು ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ ಸಂಖ್ಯೆ ಇರುತ್ತದೆ. ಬಿಲ್ಲಿನಲ್ಲಿ ಆ ಸಂಖ್ಯೆ ಕಾಣದಿದ್ದರೆ ಕೊಂಡ ಅಂಗಡಿಯಲ್ಲಿ ಕೇಳಿ ಬರೆಸಿಕೊಳ್ಳಿ. ಅದನ್ನು BIS Care ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ಬಗೆ, ಶುದ್ಧತೆ, ಹಾಲ್‌ಮಾರ್ಕ್ ಹಾಕಿದ ಕೇಂದ್ರ ಕಾಣುತ್ತವೆ, ಮಾಲೀಕರ ಹೆಸರು ಕಾಣುವುದಿಲ್ಲ. ಮೊಬೈಲನ್ನು ಬ್ಲಾಕ್ ಮಾಡಿಸಿದ ಹಾಗೆ ಒಡವೆಯನ್ನು ಅದರಲ್ಲಿ ಬ್ಲಾಕ್ ಮಾಡಿಸಲು ಬರುವುದಿಲ್ಲ, ಕರಗಿಸಿದರೆ ಸಂಖ್ಯೆಯೂ ಕರಗಿತು. ಬಿಲ್ ಮತ್ತು ಒಡವೆ ಎರಡೂ ಒಂದೇ ಎಂದು ತೋರಿಸುವುದಷ್ಟೇ ಅದರ ಉಪಯೋಗ. ಬಿಲ್ಲೇ ಇಲ್ಲದ ತವರಿನ ಒಡವೆಗಳಿಗೆ ಮದುವೆಯ ಆಲ್ಬಮ್ಮಿನ ಫೋಟೊ, ಹಿಂದೆ ಅಡವಿಟ್ಟಿದ್ದರೆ ಬ್ಯಾಂಕಿನ ಗಿರವಿ ಚೀಟಿ ಆಧಾರವಾಗುತ್ತವೆ. ಗಿರವಿ ಚೀಟಿಯಲ್ಲಿ ಬ್ಯಾಂಕಿನವರು ತೂಗಿ ಬರೆದ ತೂಕವಿರುವುದರಿಂದ ನಾನು ಅದನ್ನು ಫೋಟೊಗಿಂತ ಮೇಲೆ ಇಡುತ್ತೇನೆ.

## 4. ಪೊಲೀಸ್ ದೂರು

ಚಿತ್ರದುರ್ಗದಲ್ಲಿ ಹತ್ತಿ, ಭರಮಸಾಗರ ದಾಟಿ, ದಾವಣಗೆರೆಯಲ್ಲಿ ಇಳಿದಿದ್ದೀರಿ. ಕಳವು ಎಲ್ಲಿ ಆಯಿತೋ ಗೊತ್ತಿಲ್ಲ. "ದುರ್ಗದಾಗೇ ಕೊಡ್ರಿ" ಎಂದು ಇಲ್ಲಿಯವರೂ, "ದಾವಣಗೆರೆಯಲ್ಲಿ ಕೊಡಿ" ಎಂದು ಅಲ್ಲಿಯವರೂ ಹೇಳಿದರೆ ಓಡಾಡಿ ದಿನ ಕಳೆಯಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಯಾವ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಿಯಾದರೂ ಕೊಡಬಹುದು. ಅದನ್ನು ಜೀರೋ ಎಫ್‌ಐಆರ್ ಎಂದು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸುತ್ತಾರೆ. ಮನೆಗೆ ಹತ್ತಿರದ ಠಾಣೆಗೇ ಹೋಗಿ, ಅದೇ ದಿನ ಹೋಗಿ.

ದೂರನ್ನು ಮನೆಯಲ್ಲಿಯೇ ಬರೆದು ಎರಡು ಪ್ರತಿ ಒಯ್ಯಿರಿ. ಹೊತ್ತು ಹೊತ್ತಿನ ವಿವರ ಮುಖ್ಯ. ಎಷ್ಟು ಗಂಟೆಗೆ ಡಬ್ಬಿಯನ್ನು ಕೊನೆಯ ಬಾರಿ ಕಣ್ಣಾರೆ ನೋಡಿದಿರಿ, ಬ್ಯಾಗ್ ಎಲ್ಲಿಟ್ಟಿದ್ದಿರಿ, ಎಲ್ಲಿ ಜನ ಹೆಚ್ಚಾಗಿ ಹತ್ತಿದರು, ಎಷ್ಟು ಗಂಟೆಗೆ ಕಾಣೆಯಾದದ್ದು ಗೊತ್ತಾಯಿತು ಎಂಬುದನ್ನು ಕ್ರಮವಾಗಿ ಬರೆಯಿರಿ. ತಿರುಳಿನ ವಾಕ್ಯ ಹೀಗಿರಲಿ: "ಸಂಜೆ 5.15ಕ್ಕೆ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಡಬ್ಬಿಯು ಬ್ಯಾಗಿನಲ್ಲಿದ್ದುದನ್ನು ನಾನು ನೋಡಿರುತ್ತೇನೆ. ಸಂಜೆ 7.30ಕ್ಕೆ ಮನೆಯಲ್ಲಿ ನೋಡಿದಾಗ ಬ್ಯಾಗಿನ ತಳಭಾಗವು ಹರಿತವಾದ ವಸ್ತುವಿನಿಂದ ಕೊಯ್ದಂತಿದ್ದು, ಡಬ್ಬಿ ಇರಲಿಲ್ಲ. ಈ ನಡುವೆ ಯಾರೋ ಅಪರಿಚಿತರು ಕಳವು ಮಾಡಿರುತ್ತಾರೆ. ಒಡವೆಗಳ ವಿವರವನ್ನು ಲಗತ್ತಿಸಿರುತ್ತೇನೆ." ಹಾಗೆಯೇ ಎರಡೂ ಬಸ್ ನಿಲ್ದಾಣಗಳ ಸಿಸಿಟಿವಿ ದೃಶ್ಯಗಳನ್ನು ಕಾಯ್ದಿರಿಸಲು ತಿಳಿಸಬೇಕೆಂದು ದೂರಿನಲ್ಲಿಯೇ ಕೋರಿ, ಏಕೆಂದರೆ ಹಳೆಯ ದೃಶ್ಯಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತವೆ.

ಠಾಣೆಯಿಂದ ಹೊರಡುವ ಮೊದಲು ಕೈಗೆ ಕೊಟ್ಟ ಕಾಗದವನ್ನು ಓದಿ. ಎಫ್‌ಐಆರ್ ಆಗಿದ್ದರೆ ಅದರಲ್ಲಿ ಗುನ್ನೆ ನಂಬರ್ ಮತ್ತು ಕಲಂ ಇರುತ್ತದೆ. ಪ್ರಯಾಣಿಕರ ವಾಹನದೊಳಗಿನಿಂದ ವಸ್ತು ಕದಿಯುವುದು ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂನಡಿ ಬರುತ್ತದೆ. ಬರೀ ಅರ್ಜಿ ಸಂಖ್ಯೆ ಇದ್ದರೆ ಅದು ಸ್ವೀಕೃತಿಯಷ್ಟೇ. ಎಫ್‌ಐಆರ್ ಬೇಕೆಂದು ವಿನಯವಾಗಿ, ಆದರೆ ಪಟ್ಟುಬಿಡದೆ ಕೇಳಿ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು, ಅದೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.

ತೂಕವೋ ಒಡವೆಯ ಹೆಸರೋ ತಪ್ಪಾಗಿದೆ ಎಂದು ಆಮೇಲೆ ತಿಳಿದರೆ ಸುಮ್ಮನಿರಬೇಡಿ. ತನಿಖಾಧಿಕಾರಿಗೆ ಮರು ಹೇಳಿಕೆ ಕೊಟ್ಟು ಸರಿಪಡಿಸಿ, ಅದರ ಪ್ರತಿಯನ್ನು ವಿಮಾ ಕಡತಕ್ಕೂ ಸೇರಿಸಿ. ಸ್ಥಳ ಮಹಜರಿಗೆ ಕರೆದಾಗ ಕೊಯ್ದ ಬ್ಯಾಗನ್ನು ಒಪ್ಪಿಸಿ, ಮಹಜರಿನಲ್ಲಿ ಸೀಳಿನ ಅಳತೆ ನಮೂದಾಗಿದೆಯೇ ಎಂದು ನೋಡಿಯೇ ಸಹಿ ಮಾಡಿ.

## 5. ಅದೇ ದಿನ ಪೇಟೆಗೆ ಸುದ್ದಿ ಮುಟ್ಟಿಸುವುದು

ಬಂಗಾರ ಗಂಟೆಗಳಲ್ಲಿ ಕರಗುತ್ತದೆ, ಆದ್ದರಿಂದ ಈ ಕೆಲಸವನ್ನು ನಾಳೆಗೆ ಇಡಬಾರದು. ಒಂದು ಪುಟದ ಪ್ರಕಟಣೆ ಸಾಕು: ಒಡವೆಗಳ ಫೋಟೊ, ಗ್ರಾಮಿನಲ್ಲಿ ತೂಕ, ಎಚ್‌ಯುಐಡಿ, ಗುನ್ನೆ ನಂಬರ್, ಠಾಣೆಯ ದೂರವಾಣಿ. ಅದನ್ನು ದಾವಣಗೆರೆಯ ಮಂಡಿಪೇಟೆಯ ಬಂಗಾರದ ಅಂಗಡಿಗಳಿಗೂ ಚಿತ್ರದುರ್ಗದ ಲಕ್ಷ್ಮೀ ಬಜಾರಿನ ಕಡೆಗೂ ತಲುಪಿಸಿ. ಸರಾಫರ ಸಂಘದ ಪದಾಧಿಕಾರಿಯೊಬ್ಬರಿಗೆ ಕೊಟ್ಟರೆ ಅವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಮ್ಮೆಗೇ ಹರಡುತ್ತದೆ. ದೊಡ್ಡ ಷೋರೂಮುಗಳಿಗಿಂತ ಹಳೆ ಬಂಗಾರ ಕೊಳ್ಳುವ ಸಣ್ಣ ಅಂಗಡಿಗಳು, ಗಿರವಿ ಅಂಗಡಿಗಳು, ಬಂಗಾರ ಕರಗಿಸುವವರು ಮತ್ತು ಚಿನ್ನದ ಸಾಲ ಕೊಡುವ ಫೈನಾನ್ಸ್ ಶಾಖೆಗಳ ಕಡೆ ಮೊದಲು ಹೋಗಿ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಅಪರಾಧವಾದ್ದರಿಂದ ಗುನ್ನೆ ನಂಬರ್ ಇರುವ ಕಾಗದವನ್ನು ಅಂಗಡಿಯವರು ಗಂಭೀರವಾಗಿ ನೋಡುತ್ತಾರೆ. ನಂಬರ್ ಇಲ್ಲದ ಕಾಗದವನ್ನು ಹಾಗೆ ನೋಡುವುದಿಲ್ಲ. ಪೇಟೆಗಿಂತ ಮೊದಲು ಠಾಣೆ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಪ್ರಕಟಣೆಯಲ್ಲಿ ಒಂದು ಗುರುತನ್ನು ಮಾತ್ರ ಬೇಕೆಂದೇ ಬಿಟ್ಟುಬಿಡಿ. ಚಿಕ್ಕಮ್ಮನ ಪ್ರಕಟಣೆಯಲ್ಲಿ ಕೊಂಡಿಯ ಬೆಸುಗೆಯನ್ನು ಹೇಳಿರಲಿಲ್ಲ. ಮೂರನೆಯ ದಿನ ಒಬ್ಬ ಕರೆ ಮಾಡಿ, ಚೈನು ತನ್ನ ಬಳಿ ಇದೆ, ಮೊದಲು ಐದು ಸಾವಿರ ಕಳುಹಿಸಿ ಎಂದ. ಕೊಂಡಿ ಹೇಗಿದೆ ಎಂದು ಕೇಳಿದಾಗ ಉತ್ತರ ಬರಲಿಲ್ಲ. ಆ ನಂಬರನ್ನು ಠಾಣೆಗೆ ಕೊಟ್ಟೆವು. ಪ್ರಕಟಣೆಯಲ್ಲಿ ಮನೆಯ ವಿಳಾಸ ಹಾಕಬೇಡಿ. ಯಾವುದಾದರೂ ಅಂಗಡಿಯಲ್ಲಿ ನಿಮ್ಮ ಒಡವೆ ಕಂಡಿತೆನಿಸಿದರೆ ಅಲ್ಲಿ ಜಗಳ ಮಾಡಬೇಡಿ, ದುಡ್ಡು ಕೊಟ್ಟು ಬಿಡಿಸಿಕೊಳ್ಳಲೂ ಬೇಡಿ. ಹೊರಗೆ ಬಂದು ತನಿಖಾಧಿಕಾರಿಗೆ ತಿಳಿಸಿ.

## 6. ವಿಮೆಗೆ ತಿಳಿಸುವುದು ಮತ್ತು ಕ್ಲೇಮ್

ಎಫ್‌ಐಆರ್ ಸಿಗಲಿ ಎಂದು ಕಾಯದೆ, ಪಾಲಿಸಿಯ ಮೇಲಿರುವ ಸಂಖ್ಯೆಗೆ ಅದೇ ದಿನ ಕರೆ ಮಾಡಿ ಕ್ಲೇಮ್ ನಂಬರ್ ಬರೆದುಕೊಳ್ಳಿ, ಇಮೇಲ್ ಕೂಡ ಕಳುಹಿಸಿ. ಏಜೆಂಟರಿಗೆ ಬಾಯಲ್ಲಿ ಹೇಳಿದ್ದು ಕಂಪನಿಗೆ ಹೇಳಿದಂತಾಗುವುದಿಲ್ಲ.

ನಿಮ್ಮಲ್ಲಿರುವ ಪಾಲಿಸಿ ಯಾವುದೆಂದು ಇಲ್ಲಿ ಸರಿಯಾಗಿ ನೋಡಬೇಕು. ಮನೆ ಸಾಲದ ಜೊತೆಗೆ ಮಾಡಿಸಿದ ಭಾರತ್ ಗೃಹ ರಕ್ಷಾ ಪಾಲಿಸಿ ಮುಖ್ಯವಾಗಿ ಬೆಂಕಿ, ನೆರೆ, ಭೂಕಂಪದಂತಹ ಅವಘಡಗಳಿಗೆ. ಅದರಲ್ಲಿ ಕಳವಿಗೆ ರಕ್ಷಣೆ ಸಿಗುವುದು ಅಂಥ ಅವಘಡ ನಡೆದು, ಅದರಿಂದಾಗಿ ಏಳು ದಿನಗಳೊಳಗೆ ಕಳವಾದರೆ ಮಾತ್ರ. ಬಸ್ಸಿನ ಕಳವಿಗೆ ಅದು ಬರುವುದಿಲ್ಲ. ಬೇಕಾದದ್ದು ಒಡವೆಗಳನ್ನು ಒಂದೊಂದಾಗಿ ಹೆಸರಿಸಿ ಮಾಡಿಸಿದ ರಕ್ಷಣೆ. ಗೃಹಸ್ಥರ ಪ್ಯಾಕೇಜ್ ಪಾಲಿಸಿಗಳಲ್ಲಿ ಅದು ಪ್ರತ್ಯೇಕ ವಿಭಾಗವಾಗಿರುತ್ತದೆ. ಅಂಗಡಿಯವರೇ ಒಡವೆಯ ಜೊತೆ ಒಂದು ವರ್ಷದ ವಿಮೆ ಕೊಟ್ಟಿದ್ದರೆ ಅದರ ಷರತ್ತುಗಳನ್ನೂ ಅಂಗಡಿಯಿಂದಲೇ ತರಿಸಿಕೊಳ್ಳಿ.

ನಷ್ಟವನ್ನು ಅಂದಾಜು ಮಾಡಲು ಕಂಪನಿ ಕಳುಹಿಸುವ ಸರ್ವೇಯರ್ ಮನೆಗೆ ಬಂದಾಗ ಬಿಲ್, ಎಫ್‌ಐಆರ್, ಟಿಕೆಟ್, ಬ್ಯಾಗಿನ ಫೋಟೊ, ಒಡವೆ ತೊಟ್ಟ ಫೋಟೊಗಳನ್ನು ಕೊಡಿ; ದೂರಿನಲ್ಲಿ ಬರೆದುದನ್ನೇ ಹೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. "ಬ್ಯಾಗ್ ಎಲ್ಲಿತ್ತು?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. ನೋಡುವವರಿಲ್ಲದ ಜಾಗದಲ್ಲಿ ಬಿಟ್ಟುಹೋದ ಒಡವೆಗೆ ರಕ್ಷಣೆ ಇಲ್ಲವೆಂಬ ಷರತ್ತು ಇರುವುದರಿಂದ ಬ್ಯಾಗ್ ಕಾಲ ಬಳಿ ಇತ್ತೇ, ಮೇಲಿನ ಕ್ಯಾರಿಯರ್‌ನಲ್ಲಿತ್ತೇ ಎಂಬುದಕ್ಕೆ ಬೆಲೆಯಿದೆ.

ಹಣದ ಲೆಕ್ಕದಲ್ಲಿ ಜನರಿಗೆ ಆಘಾತ ತರುವುದು ಕಡಿಮೆ ವಿಮೆಯ ಷರತ್ತು. ಪಾಲಿಸಿಯಲ್ಲಿ ಅದು ಇದ್ದರೆ ಲೆಕ್ಕ ಹೀಗಿರುತ್ತದೆ: ಒಡವೆಗಳಿಗೆ ಮಾಡಿಸಿದ ವಿಮೆ ₹4 ಲಕ್ಷ, ನಷ್ಟದ ದಿನ ಅವುಗಳ ನಿಜವಾದ ಬೆಲೆ ₹8 ಲಕ್ಷ. ಕಳವಾದದ್ದು ₹3 ಲಕ್ಷದ್ದಾದರೂ ಕೈಗೆ ಬರುವುದು ಅದರ ಅರ್ಧ, ₹1.5 ಲಕ್ಷ. ಬಂಗಾರದ ದರ ಏರುತ್ತಿರುವಾಗ ಹಳೆಯ ಮೊತ್ತದಲ್ಲಿಯೇ ನವೀಕರಿಸಿದವರೆಲ್ಲರೂ ಹೀಗೆ ಸಿಕ್ಕಿಬೀಳುತ್ತಾರೆ. ಮೇಕಿಂಗ್ ಚಾರ್ಜ್ ಸೇರುತ್ತದೆಯೇ ಎಂಬುದನ್ನೂ ಷರತ್ತಿನಲ್ಲಿ ನೋಡಿಕೊಳ್ಳಿ.

ಕೊನೆಗೆ ಕಂಪನಿಯವರು ಪತ್ತೆಯಾಗದ ವರದಿ ಕೇಳುತ್ತಾರೆ. ನಮ್ಮ ರಾಜ್ಯದಲ್ಲಿ ಇದನ್ನು "ಸಿ" ವರದಿ ಎನ್ನುತ್ತಾರೆ: ಅಪರಾಧ ನಡೆದಿದೆ, ಮಾಡಿದವರು ಪತ್ತೆಯಾಗಿಲ್ಲ ಎಂದು. "ಬಿ" ವರದಿ ಎಂದರೆ ದೂರು ಸುಳ್ಳು ಎಂದರ್ಥ. ಎರಡನ್ನೂ ಗೊಂದಲ ಮಾಡಿಕೊಂಡು ತಪ್ಪು ಕಾಗದ ಕೊಟ್ಟವರನ್ನು ನೋಡಿದ್ದೇನೆ. ತನಿಖೆಯ ಪ್ರಗತಿಯನ್ನು ದೂರುದಾರರಿಗೆ 90 ದಿನಗಳೊಳಗೆ ತಿಳಿಸಬೇಕೆಂದು ಹೊಸ ಸಂಹಿತೆಯಲ್ಲಿದೆ. ಆ ಹೊತ್ತಿಗೆ ಠಾಣೆಗೆ ಲಿಖಿತವಾಗಿ ಕೇಳಿ, ಅದರ ಪ್ರತಿಯನ್ನು ವಿಮಾ ಕಂಪನಿಗೂ ಕಳುಹಿಸುತ್ತಿರಿ.

ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನಡಿ ಎಂದು ಲಿಖಿತವಾಗಿ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಅವಧಿಯಿದೆ.

## 7. ಒಡವೆ ಸಿಕ್ಕಾಗ

ಪೊಲೀಸರು ವಶಪಡಿಸಿಕೊಂಡ ಒಡವೆಯನ್ನು ನೇರವಾಗಿ ಠಾಣೆಯಿಂದ ತರಲಾಗುವುದಿಲ್ಲ. ನ್ಯಾಯಾಲಯದಲ್ಲಿ ಬಿಡುಗಡೆಗೆ ಅರ್ಜಿ ಹಾಕಬೇಕು. ಅದಕ್ಕೆ ಎಫ್‌ಐಆರ್, ಬಿಲ್ ಮತ್ತು ನೀವು ಬರೆದಿಟ್ಟ ಗುರುತುಗಳ ಪಟ್ಟಿ ಬೇಕು. ಒಡವೆಯ ಫೋಟೊ ತೆಗೆದು, ಮಹಜರು ಮಾಡಿ, ಬಾಂಡ್ ಬರೆಸಿಕೊಂಡು ಮಾಲೀಕರಿಗೆ ಕೊಡಬಹುದೆಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿದೆ, ಹಾಗಾಗಿ ಪ್ರಕರಣ ಮುಗಿಯುವವರೆಗೆ ಕಾಯುವ ಅಗತ್ಯವಿಲ್ಲ. ಬಾಂಡಿನ ಷರತ್ತು ಇರುವವರೆಗೆ ಮಾತ್ರ ಅದನ್ನು ಮಾರಬಾರದು, ಮುರಿಸಿ ಬೇರೆ ಮಾಡಿಸಲೂಬಾರದು.

ವಿಮೆಯ ಹಣ ಬಂದ ಮೇಲೆ ಒಡವೆ ಸಿಕ್ಕಿದರೆ ಕಂಪನಿಗೆ ತಿಳಿಸಲೇಬೇಕು, ಏಕೆಂದರೆ ಹಣ ಪಡೆಯುವಾಗ ನೀವು ಸಹಿ ಮಾಡಿದ ಪತ್ರದಲ್ಲಿ ಒಡವೆಯ ಮೇಲಿನ ಹಕ್ಕು ಅವರಿಗೆ ಹೋಗಿರುತ್ತದೆ. ಹಣ ಹಿಂದಿರುಗಿಸಿ ಒಡವೆ ಉಳಿಸಿಕೊಳ್ಳುವ ಅವಕಾಶವಿದೆಯೇ ಎಂದು ಲಿಖಿತವಾಗಿ ಕೇಳಿ. ಚಿಕ್ಕಮ್ಮನ ಬಳೆಗಳು ಐದು ತಿಂಗಳ ಮೇಲೆ ಒಂದು ಗಿರವಿ ಅಂಗಡಿಯಲ್ಲಿ ಸಿಕ್ಕವು, ಚೈನು ಅಷ್ಟರಲ್ಲಿ ಕರಗಿ ಗಟ್ಟಿಯಾಗಿತ್ತು. ಬಳೆಗಳು ಆಕೆಯ ತಾಯಿ ಕೊಟ್ಟವು. ಅವುಗಳ ಪಾಲಿನ ಹಣವನ್ನು ಕಂಪನಿಗೆ ಕಟ್ಟಿ, ಬಾಂಡ್ ಬರೆದುಕೊಟ್ಟು ತಂದುಕೊಂಡರು. ಒಳಬದಿಯ ನೆಗ್ಗು ಹಾಗೆಯೇ ಇತ್ತು, ನ್ಯಾಯಾಲಯದಲ್ಲಿ ಆಕೆ ತೋರಿಸಿದ್ದು ಅದನ್ನೇ.